ದುರ್ಗದಬೈಲಿನ ಬೋರ್ಡು: ಹಬ್ಬದ ನಲವತ್ತೆಂಟು ದಿನದ ಪಗಾರ

ಗಣಪತಿ ಹಬ್ಬದ ಪೆಂಡಾಲು ಬಿಚ್ಚುವ ಹೊತ್ತಿಗೆ ಹುಬ್ಬಳ್ಳಿಯ ದುರ್ಗದಬೈಲು, ದಾಜಿಬಾನ ಪೇಟೆ, ಕೊಪ್ಪಿಕರ್ ರಸ್ತೆಯ ಅಂಗಡಿಗಳ ಗಾಜಿನ ಬಾಗಿಲಿಗೆ ಒಂದು ಕಾಗದ ಅಂಟಿಕೊಳ್ಳುತ್ತದೆ. ‘ಕೆಲಸಕ್ಕೆ ಹುಡುಗರು, ಹುಡುಗಿಯರು ಬೇಕಾಗಿದ್ದಾರೆ. ಆಕರ್ಷಕ ಪಗಾರ. ಕೂಡಲೇ ಸಂಪರ್ಕಿಸಿ.’ ಕೆಳಗೊಂದು ಮೊಬೈಲ್ ನಂಬರು. ಅದೇ ಕಾಗದ ಬೆಂಗಳೂರಿನ ಚಿಕ್ಕಪೇಟೆಯಲ್ಲೂ ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲೂ ಕಾಣುತ್ತದೆ, ಅಕ್ಷರ ಮಾತ್ರ ಬೇರೆ.

ನಾನು ಡಿಗ್ರಿ ಓದುವಾಗ ಇಂಥ ಒಂದು ಕಾಗದ ನೋಡಿ ಜವಳಿ ಅಂಗಡಿಯೊಂದರ ಮೆಟ್ಟಿಲು ಹತ್ತಿದ್ದೆ.

‘ಪಗಾರ ಎಷ್ಟ್ರಿ ಅಣ್ಣಾರ?’

‘ಮೊದ್ಲ ಕೆಲ್ಸಾ ನೋಡ್ತೀನಿ, ಆಮ್ಯಾಲ ಪಗಾರ ಮಾತಾಡೂಣು. ನಾಳಿಂದ ಬಾ.’

ಮರುದಿನ ಹೋದೆ. ಸೀರೆಯ ಥಾನು ಬಿಚ್ಚಿ ತೋರಿಸುವುದು, ಗಿರಾಕಿ ಎದ್ದು ಹೋದ ಮೇಲೆ ಮತ್ತೆ ಮಡಚುವುದು, ಅಟ್ಟದಿಂದ ಗಂಟು ಇಳಿಸುವುದು ನನ್ನ ಕೆಲಸ. ದೀಪಾವಳಿ ಮುಗಿದ ಮೇಲೆ ಪಗಾರ ಕೇಳಿದರೆ ‘ಲೆಕ್ಕ ಆಗಲಿ’ ಎಂದರು. ಲೆಕ್ಕ ಆಗುವುದಕ್ಕೆ ತುಳಸಿ ಲಗ್ನ ದಾಟಿತು. ಕೈಗೆ ಬಂದದ್ದು ನಾನು ಮನಸ್ಸಿನಲ್ಲಿ ಎಣಿಸಿಕೊಂಡಿದ್ದರ ಮುಕ್ಕಾಲು ಪಾಲು. ಉಳಿದ ಕಾಲು ಪಾಲು ಯಾಕೆ ಹೋಯಿತೆಂದು ಕೇಳಲು ನನ್ನ ಬಳಿ ಒಂದು ಚೀಟಿಯೂ ಇರಲಿಲ್ಲ. ದಿನಕ್ಕೆಷ್ಟು, ರಜೆ ಯಾವತ್ತು, ಕೊನೆಯ ದಿನ ಯಾವುದು ಎಂಬ ಮಾತು ಬಾಯಿಯಲ್ಲೂ ಆಗಿರಲಿಲ್ಲ, ಕಾಗದದಲ್ಲೂ ಆಗಿರಲಿಲ್ಲ.

ಆಮೇಲೆ ಇಂಥ ಕಾಗದ ಎಲ್ಲಿ ಕಂಡರೂ ನಿಂತು ಓದುವ ಚಟ ಹತ್ತಿತು. ಹಬ್ಬದ ಕೆಲಸದಲ್ಲಿ ಹಣ ಎಲ್ಲಿ ಸೋರುತ್ತದೆ ಎಂಬುದು ಕಾಗದದಲ್ಲಿ ಬರೆಯದೆ ಬಿಟ್ಟ ಜಾಗದಲ್ಲೇ ಗೊತ್ತಾಗುತ್ತದೆ. ಆದ್ದರಿಂದ ಒಂದು ಬೋರ್ಡನ್ನು ಮೊದಲಿನಿಂದ ಕೊನೆಯವರೆಗೆ ಸರಿಯಾಗಿ ಬರೆದು ನೋಡೋಣ. ಅಂಗಡಿ ನಾನು ಊಹಿಸಿಕೊಂಡದ್ದು: ಹುಬ್ಬಳ್ಳಿಯ ಪೇಟೆಯಲ್ಲಿರುವ ಮಧ್ಯಮ ಗಾತ್ರದ ಜವಳಿ ಅಂಗಡಿ, ಕಾಯಂ ಕೆಲಸಗಾರರು 18 ಮಂದಿ, ಹಬ್ಬಕ್ಕೆಂದು ಬೇಕಾದವರು ಆರು ಮಂದಿ. ದಿನದ ಕೂಲಿಯ ಅಂಕಿಯೂ ಲೆಕ್ಕಕ್ಕೆಂದು ಹಿಡಿದದ್ದೇ. ತಾರೀಖುಗಳು ಮಾತ್ರ 2026ರ ಪಂಚಾಂಗದವು.

ತಾರೀಖಿನಿಂದಲೇ ಶುರು ಮಾಡಬೇಕು. ‘ದಸರೆಗೆ ಬನ್ನಿ, ದೀಪಾವಳಿವರೆಗೆ ಕೆಲಸ’ ಎಂದರೆ ಏನೂ ಹೇಳಿದಂತಾಗುವುದಿಲ್ಲ, ಯಾಕೆಂದರೆ ನಮ್ಮ ಹಬ್ಬಗಳು ಇಂಗ್ಲಿಷ್ ತಿಂಗಳಿನಲ್ಲಿ ಒಂದೇ ಕಡೆ ಕೂರುವುದಿಲ್ಲ. 2025ರಲ್ಲಿ ಬಲಿಪಾಡ್ಯಮಿ ಅಕ್ಟೋಬರ್ 22ಕ್ಕೆ ಬಂದಿತ್ತು. 2026ರಲ್ಲಿ ಅಧಿಕ ಜ್ಯೇಷ್ಠ ಮಾಸ ಬರುವುದರಿಂದ ಅದು ನವೆಂಬರ್ 10ಕ್ಕೆ ಹೋಗಿದೆ. ಹೋದ ವರ್ಷದ ಲೆಕ್ಕದಲ್ಲಿ ಕಾಲೇಜಿಗೆ ರಜೆ ಹಾಕಿ ಬಂದ ಹುಡುಗನಿಗೆ ಈ ವರ್ಷ ಸೀಸನ್ ಅರ್ಧಕ್ಕೇ ಕೈ ಬಿಡುತ್ತದೆ. ಅಂಗಡಿಯವರಿಗೂ ಅಷ್ಟೇ ತೊಂದರೆ, ಅಮಾವಾಸ್ಯೆಯ ವಾರದಲ್ಲಿ ಕೌಂಟರ್ ಖಾಲಿಯಾಗುತ್ತದೆ.

ಹೀಗಾಗಿ ಜವಳಿ ಅಂಗಡಿಯಲ್ಲಿ ತಾರೀಖನ್ನು ಹಬ್ಬದಿಂದ ಹಿಂದಕ್ಕೆ ಎಣಿಸುತ್ತಾರೆ. ನರಕ ಚತುರ್ದಶಿ ನವೆಂಬರ್ 8ರ ಭಾನುವಾರ. ವ್ಯಾಪಾರ ಜೋರಾಗುವುದು ಅದಕ್ಕೆ ಎರಡು ವಾರ ಮೊದಲು. ಅದಕ್ಕೂ ಹಿಂದೆ ದಸರೆಯ ವ್ಯಾಪಾರವಿದೆ. ಆ ವ್ಯಾಪಾರ ಶುರುವಾಗುವ ಮೊದಲೇ ಹೊಸಬರಿಗೆ ಯಾವ ಕಪಾಟಿನಲ್ಲಿ ಯಾವ ಮಾಲು ಇದೆ, ಬಿಲ್ಲು ಹೇಗೆ ಹೊಡೆಯಬೇಕು, ಬದಲಿ ಕೇಳಿದವರಿಗೆ ಏನು ಹೇಳಬೇಕು ಎಂಬುದು ಗೊತ್ತಾಗಿರಬೇಕು. ಸೀರೆಯ ಅಂಗಡಿಯಲ್ಲಿ ಕಪಾಟು ಪರಿಚಯವಾಗಲು ಎರಡು ದಿನವಾದರೂ ಬೇಕು. ಹಾಗಾಗಿ ಸೇರುವ ದಿನ ಸೆಪ್ಟೆಂಬರ್ 28, ಸೋಮವಾರ. ಹಬ್ಬ ಮುಗಿದ ಮೇಲೂ ಅಳತೆ ಸಾಲದ ಬಟ್ಟೆ ಬದಲಿಸಲು ಜನ ಬರುತ್ತಾರೆ, ಉಳಿದ ಮಾಲು ಎಣಿಸಬೇಕು. ಆದ್ದರಿಂದ ಕೊನೆಯ ದಿನ ನವೆಂಬರ್ 14, ಶನಿವಾರ. ಎರಡೂ ದಿನ ಸೇರಿಸಿ ಎಣಿಸಿದರೆ 48 ದಿನ.

ಕಾಗದದಲ್ಲಿ ಕೊನೆಯ ದಿನ ಬರೆಯುವುದು ನಮ್ಮಲ್ಲಿ ಬಹಳ ಅಪರೂಪ. ಮಾಲಕರಿಗೆ ಅದು ಕೈ ಕಟ್ಟಿದಂತೆ ಅನ್ನಿಸುತ್ತದೆ. ಆದರೆ ಕೊನೆಯ ದಿನ ಬರೆಯದ ಕೆಲಸಗಾರನನ್ನು ಬಲಿಪಾಡ್ಯಮಿಯ ಮರುದಿನ ‘ನಾಳೆ ಬರಬ್ಯಾಡ’ ಎಂದು ಕಳಿಸಬಹುದು. ಕೆಲಸಗಾರನೂ ಹಬ್ಬದ ಹಿಂದಿನ ದಿನವೇ ಊರಿಗೆ ಹೋಗಿಬಿಡಬಹುದು. ನಾನು ಕಂಡಂತೆ ಎರಡೂ ಪ್ರತಿ ವರ್ಷ ಆಗುತ್ತವೆ.

ಇನ್ನು ಪಗಾರ. ‘ದಿನಕ್ಕೆ 760 ರೂಪಾಯಿ’ ಎಂದು ಬೋರ್ಡಿನಲ್ಲಿ ಬರೆದರು ಅಂದುಕೊಳ್ಳಿ. ಇದು ಸ್ಪಷ್ಟವಾಗಿಯೇ ಇದೆ ಎನಿಸುತ್ತದೆ. ಆದರೆ ಇದೇ ಸಾಲನ್ನು ಇಬ್ಬರು ಎರಡು ಥರ ಓದುತ್ತಾರೆ. ಕೆಲಸಕ್ಕೆ ಬಂದ ಹುಡುಗಿ 48 ದಿನಕ್ಕೆ ಗುಣಿಸಿ 36,480 ರೂಪಾಯಿ ಎಂದುಕೊಳ್ಳುತ್ತಾಳೆ. ಮಾಲಕರು ವಾರದ ರಜೆ ಕಳೆದು ಎಣಿಸುತ್ತಾರೆ. ಬುಧವಾರ ರಜೆ ಎಂದಾದರೆ ಈ 48 ದಿನಗಳಲ್ಲಿ ಏಳು ಬುಧವಾರ ಬರುತ್ತವೆ, ಉಳಿದದ್ದು 41 ದಿನ, ಅಂದರೆ 31,160 ರೂಪಾಯಿ. ವ್ಯತ್ಯಾಸ 5,320. ಯಾರೂ ಮೋಸ ಮಾಡಲಿಲ್ಲ, ಯಾರೂ ಸುಳ್ಳು ಹೇಳಲಿಲ್ಲ, ಆದರೂ ಕೊನೆಯ ದಿನ ಕೌಂಟರಿನ ಎದುರು ಜಗಳ ಆಗುತ್ತದೆ.

ಕನಿಷ್ಠ ವೇತನದ ಆದೇಶಗಳಲ್ಲಿ ತಿಂಗಳ ಮೊತ್ತವನ್ನು 26ರಿಂದ ಭಾಗಿಸಿ ದಿನದ ದರ ತೆಗೆಯುವ ರೂಢಿ ಇದೆ. ವಾರದ ರಜೆಯ ಪಾಲು ಆ ದಿನದ ದರದ ಒಳಗೇ ಸೇರಿರುತ್ತದೆ. ನಮ್ಮ ಅಂಗಡಿಯದೂ ಅದೇ ಲೆಕ್ಕ: 760ನ್ನು 26ರಿಂದ ಗುಣಿಸಿದರೆ ತಿಂಗಳಿಗೆ 19,760 ರೂಪಾಯಿ. ಇದು ಸಾಕೋ ಸಾಲದೋ ಎಂಬುದನ್ನು ಅಂಗಡಿಗಳಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನದ ಪಕ್ಕ ಇಟ್ಟು ನೋಡಬೇಕು. ಅದು ಊರಿನ ವಲಯಕ್ಕೆ, ಕೆಲಸದ ಕುಶಲತೆಗೆ ತಕ್ಕಂತೆ ಬೇರೆಬೇರೆ ಇರುತ್ತದೆ, ತುಟ್ಟಿಭತ್ಯೆ ಸೇರಿ ವರ್ಷ ವರ್ಷ ಬದಲಾಗುತ್ತದೆ. ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಆ ವರ್ಷದ ಪಟ್ಟಿ ಸಿಗುತ್ತದೆ. ನಾಲ್ಕು ವಾರದ ಕೆಲಸವಾದರೂ, ನಾಲ್ಕು ವರ್ಷದ ಕೆಲಸವಾದರೂ ಆ ಪಟ್ಟಿಗಿಂತ ಕೆಳಗೆ ಕೊಡುವಂತಿಲ್ಲ. ‘ಸೀಸನ್ ಹುಡುಗರು’ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ.

ಮುಂದಿನದು ಗಂಟೆ. ಹಬ್ಬದ ಕೆಲಸದಲ್ಲಿ ಹಣ ಅತಿ ಹೆಚ್ಚು ಸೋರುವುದು ಇಲ್ಲೇ. ‘ಪಗಾರ 18,000. ಹಬ್ಬದ ದಿನಗಳಲ್ಲಿ ಹೊಂದಿಕೊಂಡು ಹೋಗಬೇಕು’ ಎಂಬ ಬೋರ್ಡನ್ನು ತೆಗೆದುಕೊಳ್ಳಿ. ಹೊಂದಿಕೊಂಡು ಹೋಗುವುದೆಂದರೆ ಬೆಳಿಗ್ಗೆ ಹತ್ತಕ್ಕೆ ಬಂದು ರಾತ್ರಿ ಹತ್ತಕ್ಕೆ ಹೋಗುವುದು, ಊಟಕ್ಕೆ ಒಂದು ಗಂಟೆ, ವಾರದ ರಜೆ ಹಬ್ಬ ಮುಗಿದ ಮೇಲೆ. ದಿನಕ್ಕೆ 11 ಗಂಟೆಯಂತೆ 30 ದಿನ ದುಡಿದರೆ 330 ಗಂಟೆ. 18,000ವನ್ನು ಅದರಿಂದ ಭಾಗಿಸಿದರೆ ಗಂಟೆಗೆ 54 ರೂಪಾಯಿ ಚಿಲ್ಲರೆ. ದಿನಕ್ಕೆ ಎಂಟು ಗಂಟೆಗೆ 760 ಕೊಡುವ ಅಂಗಡಿಯಲ್ಲಿ ಗಂಟೆಗೆ 95. ತಿಂಗಳ ಮೊತ್ತ ನೋಡಿದರೆ ಎರಡೂ ಹತ್ತಿರ ಹತ್ತಿರ, ಗಂಟೆಗೆ ಇಳಿಸಿದರೆ ಒಂದು ಇನ್ನೊಂದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಯಾವ ಬೋರ್ಡು ಕಂಡರೂ ಮೊದಲು ಪಗಾರವನ್ನು ಗಂಟೆಗೆ ಇಳಿಸಿ ನೋಡಿ ಎಂದು ನಾನು ಹುಡುಗರಿಗೆ ಹೇಳುವುದು ಇದಕ್ಕೇ.

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ಅದರ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಓವರ್‌ಟೈಮ್ ಸೇರಿಸಿದರೂ ದಿನಕ್ಕೆ 10 ಗಂಟೆ ದಾಟುವಂತಿಲ್ಲ, ಮೂರು ತಿಂಗಳಲ್ಲಿ ಒಟ್ಟು ಓವರ್‌ಟೈಮ್ 50 ಗಂಟೆ ಮೀರುವಂತಿಲ್ಲ. ಐದು ಗಂಟೆ ಸತತ ದುಡಿದವರಿಗೆ ಒಂದು ಗಂಟೆ ಬಿಡುವು ಕೊಡಬೇಕು. ಬಂದ ಹೊತ್ತಿನಿಂದ ಹೋಗುವ ಹೊತ್ತಿನವರೆಗೆ, ಬಿಡುವೂ ಸೇರಿ, 12 ಗಂಟೆ ಮೀರಬಾರದು. ಓವರ್‌ಟೈಮಿನ ಕೂಲಿ ಮಾಮೂಲಿ ದರದ ಎರಡುಪಟ್ಟು. ಹಬ್ಬ ಬಂತೆಂದು ಈ ಮಿತಿಗಳು ಸಡಿಲವಾಗುವುದಿಲ್ಲ.

ಮಿತಿಯೊಳಗೆ ಹಬ್ಬದ ವ್ಯಾಪಾರ ನಡೆಸಲು ಆಗುವುದಿಲ್ಲ ಎಂದು ಕೆಲವು ಮಾಲಕರು ಹೇಳುತ್ತಾರೆ. ಎರಡು ಪಾಳಿ ಮಾಡಿದರೆ ಆಗುತ್ತದೆ. ಬೆಳಿಗ್ಗೆ 10ರಿಂದ ಸಂಜೆ 7 ಒಂದು ಪಾಳಿ, ಮಧ್ಯಾಹ್ನ 12.30ರಿಂದ ರಾತ್ರಿ 9.30 ಇನ್ನೊಂದು. ಎರಡರಲ್ಲೂ ಒಂದು ಗಂಟೆ ಊಟದ ಬಿಡುವು, ಎಂಟು ಗಂಟೆ ದುಡಿಮೆ, ವಾರಕ್ಕೆ ಆರು ದಿನ, ಅಲ್ಲಿಗೆ ಸರಿಯಾಗಿ 48 ಗಂಟೆ. ಜವಳಿ ಅಂಗಡಿಗೆ ಗಿರಾಕಿ ಮುಗಿಬೀಳುವುದು ಸಂಜೆ ನಾಲ್ಕರ ಮೇಲೆ. ಎರಡೂ ಪಾಳಿಯವರು ಒಟ್ಟಿಗಿರುವುದೂ ಹೆಚ್ಚುಕಡಿಮೆ ಆ ಹೊತ್ತಿನಲ್ಲೇ.

ಎರಡನೇ ಪಾಳಿಯಲ್ಲಿ ಒಂದು ಮಾತು ಬಿಟ್ಟುಹೋಗಬಾರದು. ರಾಜ್ಯದ ನಿಯಮದಂತೆ ಹೆಣ್ಣುಮಕ್ಕಳನ್ನು ರಾತ್ರಿ 8ರ ಮೇಲೆ ದುಡಿಸಬೇಕಾದರೆ ಅವರ ಲಿಖಿತ ಒಪ್ಪಿಗೆ ಬೇಕು, ರಕ್ಷಣೆಯ ವ್ಯವಸ್ಥೆ ಬೇಕು. ಬೋರ್ಡಿನಲ್ಲಿ ‘ಎರಡನೇ ಪಾಳಿಯ ಮಹಿಳೆಯರನ್ನು ಅಂಗಡಿಯ ವಾಹನದಲ್ಲಿ ಮನೆಗೆ ಬಿಡಲಾಗುವುದು’ ಎಂಬ ಒಂದು ಸಾಲಿದ್ದರೆ ಕುಂದಗೋಳದಿಂದಲೋ ಕಲಘಟಗಿಯಿಂದಲೋ ಬಸ್ಸಿಗೆ ಬರುವ ಹುಡುಗಿಯ ಮನೆಯವರು ಆ ಸಾಲನ್ನೇ ಮೊದಲು ಓದುತ್ತಾರೆ. ಕೊನೆಯ ಬಸ್ಸಿನ ಚಿಂತೆಗೆ ಎಷ್ಟೋ ಹೆಣ್ಣುಮಕ್ಕಳು ಮೂರನೇ ದಿನಕ್ಕೇ ಕೆಲಸ ಬಿಟ್ಟದ್ದನ್ನು ನಾನು ನೋಡಿದ್ದೇನೆ.

ಕೂರುವ ವಿಷಯವನ್ನೂ ಇಲ್ಲೇ ಹೇಳಬೇಕು. ಎಂಟು ಗಂಟೆ ನಿಂತೇ ಇರುವುದು ಜವಳಿ ಅಂಗಡಿಯಲ್ಲಿ ಮಾಮೂಲು. ಕೇರಳದ ಜವಳಿ ಅಂಗಡಿಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. ಅಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ‘ಗಿರಾಕಿ ಇಲ್ಲದ ಹೊತ್ತು ಕೂರಲು ಸ್ಟೂಲು ಇದೆ’ ಎಂದು ಬರೆದ ಬೋರ್ಡನ್ನು ನಾನಿನ್ನೂ ಹುಬ್ಬಳ್ಳಿಯಲ್ಲಿ ಕಂಡಿಲ್ಲ. ಕಂಡ ದಿನ ಒಳಗೆ ಹೋಗಿ ಮಾಲಕರಿಗೆ ನಮಸ್ಕಾರ ಹೇಳಿ ಬರುತ್ತೇನೆ.

ಈಗ ನಮ್ಮ ಅಂಗಡಿಯ 48 ದಿನದ ಪೂರ್ತಿ ಲೆಕ್ಕ. ಈ ಅವಧಿಯೊಳಗೆ ಎರಡು ವಿಶೇಷ ದಿನ ಬರುತ್ತವೆ, ಅಕ್ಟೋಬರ್ 2ರ ಗಾಂಧಿ ಜಯಂತಿ ಮತ್ತು ನವೆಂಬರ್ 1ರ ರಾಜ್ಯೋತ್ಸವ. ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕುರಿತ ನಮ್ಮ ರಾಜ್ಯದ 1963ರ ಕಾಯ್ದೆಯಲ್ಲಿ ಇವೆರಡನ್ನೂ ಹೆಸರಿಸಿದೆ. ಅಂಥ ರಜೆಯ ದಿನ ದುಡಿಸಿದರೆ ಎರಡುಪಟ್ಟು ಕೂಲಿ ಕೊಡಬೇಕು, ಇಲ್ಲವೇ ಆ ದಿನದ ಕೂಲಿಯ ಜೊತೆ ಬದಲಿ ರಜೆ ಕೊಡಬೇಕು. ಹಬ್ಬದ ಸೀಸನ್ ಸರಿಯಾಗಿ ಈ ಎರಡು ದಿನಗಳ ಮೇಲೇ ಹಾದುಹೋಗುತ್ತದೆ. 2026ರಲ್ಲಿ ನವೆಂಬರ್ 1 ಭಾನುವಾರ, ದೀಪಾವಳಿಗೆ ಒಂದೇ ವಾರ ಬಾಕಿ. ಅವತ್ತು ಯಾವ ಜವಳಿ ಅಂಗಡಿಯೂ ಬಾಗಿಲು ಹಾಕುವುದಿಲ್ಲ. ನಮ್ಮ ಅಂಗಡಿ ಅಕ್ಟೋಬರ್ 2ಕ್ಕೆ ಕೂಲಿ ಸಹಿತ ರಜೆ ಕೊಡುತ್ತದೆ, ನವೆಂಬರ್ 1ಕ್ಕೆ ಎರಡುಪಟ್ಟು ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಹಬ್ಬದ ವಾರ, ಅಂದರೆ ನವೆಂಬರ್ 2ರಿಂದ 9ರವರೆಗೆ, ಬುಧವಾರ ಬಿಟ್ಟು ಉಳಿದ ಏಳು ದಿನ ಎರಡೆರಡು ಗಂಟೆ ಓವರ್‌ಟೈಮ್. ಎಂಟಕ್ಕೆ ಎರಡು ಸೇರಿ ಹತ್ತು ಗಂಟೆ, ಕಾಯ್ದೆಯ ಮಿತಿಯೊಳಗೇ ಇದೆ.

ಹಾಗಾದರೆ 41 ದಿನದ ಕೂಲಿ 31,160. ರಾಜ್ಯೋತ್ಸವದ ದಿನಕ್ಕೆ ಹೆಚ್ಚುವರಿ 760. ಓವರ್‌ಟೈಮ್ 14 ಗಂಟೆ, ಗಂಟೆಗೆ 95ರ ಎರಡುಪಟ್ಟು 190, ಒಟ್ಟು 2,660. ಮೂರೂ ಸೇರಿ 34,580 ರೂಪಾಯಿ.

ಇದರಲ್ಲಿ ಕಡಿತ ಏನು? ಹತ್ತಕ್ಕಿಂತ ಹೆಚ್ಚು ಜನ ದುಡಿಯುವ ಅಂಗಡಿಯಾದ್ದರಿಂದ ಇಎಸ್‌ಐ ಇರುತ್ತದೆ. ತಿಂಗಳ ಪಗಾರ 21,000 ರೂಪಾಯಿ ದಾಟದವರಿಗೆ ಅದು ಅನ್ವಯ. ಕೆಲಸಗಾರರ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲಕರ ಪಾಲು ಮೂರೂಕಾಲು. 34,580ಕ್ಕೆ ಕಡಿತ ಸುಮಾರು 260 ರೂಪಾಯಿ. ‘ಎರಡು ತಿಂಗಳಿಗೆ ಯಾಕ್ರಿ ಇದು’ ಎಂದು ಮಾಲಕರೂ ಹುಡುಗರೂ ಒಟ್ಟಿಗೇ ಬೇಡವೆನ್ನುವ ಕಡಿತ ಇದು. ಕಾಯಿಲೆಯ ರಜೆಯ ಹಣ ಪಡೆಯಲು ಇಎಸ್‌ಐನಲ್ಲಿ ಇಂತಿಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತಿದೆ, ಸೀಸನ್ ಕೆಲಸಗಾರರು ಅದನ್ನು ಮುಟ್ಟುವುದಿಲ್ಲ, ನಿಜ. ಆದರೆ ಕೆಲಸದ ವೇಳೆ ಆಗುವ ಅಪಘಾತಕ್ಕೆ ಆ ಷರತ್ತಿಲ್ಲ. ಸೇರಿದ ಮೊದಲ ದಿನವೇ ಅಟ್ಟದ ಏಣಿಯಿಂದ ಬಿದ್ದು ಕೈ ಮುರಿದರೂ ಚಿಕಿತ್ಸೆ ಸಿಗುತ್ತದೆ, ದುಡಿಯಲಾಗದ ದಿನಗಳಿಗೆ ಕೂಲಿಯ ನೂರಕ್ಕೆ ತೊಂಬತ್ತರಷ್ಟು ಹಣ ಸಿಗುತ್ತದೆ. ಏಣಿ ಹತ್ತುವ ಕೆಲಸ ಹೆಚ್ಚಾಗಿ ಹೊಸ ಹುಡುಗರ ಪಾಲಿಗೇ ಬೀಳುತ್ತದೆ ಎಂಬುದನ್ನು ನೆನಪಿಡಿ. ಸೇರುವ ದಿನ ಆಧಾರ್ ನಕಲು ಕೊಟ್ಟು ಇಎಸ್‌ಐ ನಂಬರ್ ಕೇಳಿ ಬರೆದುಕೊಳ್ಳಬೇಕು. ಬಿದ್ದ ಮೇಲೆ ಕೇಳಿದರೆ ಓಡಾಟ ಜಾಸ್ತಿ.

ಪಿಎಫ್ ಕಡಿತವಾಗುತ್ತದೋ ಇಲ್ಲವೋ ಎಂಬುದು ಪಗಾರದ ಮಟ್ಟ ಮತ್ತು ಹಿಂದೆ ಪಿಎಫ್ ಖಾತೆ ಇತ್ತೇ ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಬೋರ್ಡಿನಲ್ಲಿ ಒಟ್ಟು ಪಗಾರದ ಜೊತೆ ಯಾವ ಕಡಿತಗಳಿವೆ ಎಂದೂ ಬರೆಯಬೇಕು. ಸಮವಸ್ತ್ರಕ್ಕೆ ಹಣ, ಡಿಪಾಸಿಟ್, ಹಾಳಾದ ಮಾಲಿಗೆ ದಂಡ ಇವು ಬೋರ್ಡಿನಲ್ಲಿ ಇರುವುದೇ ಇಲ್ಲ, ಕೊನೆಯ ದಿನ ಮಾತ್ರ ಎದ್ದು ಬರುತ್ತವೆ. ಹತ್ತನೇ ತರಗತಿಯ ಅಂಕಪಟ್ಟಿಯ ಅಸಲು ಪ್ರತಿಯನ್ನು ಜಾಮೀನಿನಂತೆ ಇಟ್ಟುಕೊಳ್ಳುವ ಅಂಗಡಿಗಳೂ ಇವೆ. ಅಸಲು ಪ್ರತಿ ಕೊಡಬೇಡಿ, ನಕಲು ಸಾಕು.

ಹಣ ಕೈಗೆ ಬರುವ ದಿನವೂ ಬರೆದಿರಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ತಿಂಗಳ ಪಗಾರವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು. ಕೆಲಸ ಮುಗಿದು ಹೊರಟವರಿಗೆ ಎರಡು ಕೆಲಸದ ದಿನಗಳೊಳಗೆ ಬಾಕಿ ಚುಕ್ತಾ ಮಾಡಬೇಕು. ನಮ್ಮ ಅಂಗಡಿಗೆ ಇದನ್ನು ಹೊಂದಿಸಿದರೆ ಸೆಪ್ಟೆಂಬರಿನ ಎರಡು ದಿನದ ಕೂಲಿ 1,520 ರೂಪಾಯಿ ಅಕ್ಟೋಬರ್ 7ರೊಳಗೆ. ಅಕ್ಟೋಬರಿನ 27 ದಿನದ ಕೂಲಿ 20,520 ನವೆಂಬರ್ 7ರೊಳಗೆ. ಅದು ನರಕ ಚತುರ್ದಶಿಯ ಹಿಂದಿನ ದಿನ, ಹುಡುಗಿ ತನ್ನ ಮನೆಯವರಿಗೆ ಬಟ್ಟೆ ತರುವ ದಿನ. ‘ಹಬ್ಬದ ಗದ್ದಲದಾಗ ಲೆಕ್ಕ ಮಾಡಾಕ ಪುರಸತ್ತಿಲ್ಲ’ ಎಂದು ಮುಂದೂಡುವುದೂ ಇದೇ ಕಂತನ್ನು. ನವೆಂಬರಿನ ಬಾಕಿ 12,540 ರೂಪಾಯಿ 16ನೇ ತಾರೀಖು ಸೋಮವಾರದೊಳಗೆ.

ಇಷ್ಟೆಲ್ಲ ಸೇರಿದರೆ ಬೋರ್ಡು ಹೀಗಾಗುತ್ತದೆ:

“ದಸರಾ–ದೀಪಾವಳಿ ಹಂಗಾಮಿಗೆ ತಾತ್ಕಾಲಿಕ ಕೆಲಸಗಾರರು ಬೇಕಾಗಿದ್ದಾರೆ. ಮಾರಾಟ ವಿಭಾಗಕ್ಕೆ 4, ಬಟ್ಟೆ ತಲುಪಿಸಲು 2. ವಯಸ್ಸು 18 ತುಂಬಿರಬೇಕು.

ಸೇರುವ ದಿನ 28 ಸೆಪ್ಟೆಂಬರ್ 2026, ಸೋಮವಾರ. ಕೊನೆಯ ದಿನ 14 ನವೆಂಬರ್ 2026, ಶನಿವಾರ. ಮೊದಲ ಎರಡು ದಿನ ತರಬೇತಿ, ಅದಕ್ಕೂ ಪೂರ್ತಿ ಕೂಲಿ.

ದಿನಕ್ಕೆ 760 ರೂಪಾಯಿ, ದುಡಿಮೆ 8 ಗಂಟೆ. ವಾರದ ರಜೆ ಬುಧವಾರ, ಅದರ ಕೂಲಿ ದಿನದ ದರದಲ್ಲೇ ಸೇರಿದೆ. ಕೂಲಿಯ ದಿನಗಳು 41. ಅಕ್ಟೋಬರ್ 2 ಕೂಲಿ ಸಹಿತ ರಜೆ. ನವೆಂಬರ್ 1ಕ್ಕೆ ಎರಡುಪಟ್ಟು. ಓವರ್‌ಟೈಮ್ ಗಂಟೆಗೆ 190 ರೂಪಾಯಿ. ಇಎಸ್‌ಐ ಮತ್ತು ಅನ್ವಯವಾಗುವವರಿಗೆ ಪಿಎಫ್ ಬಿಟ್ಟು ಬೇರೆ ಕಡಿತವಿಲ್ಲ. ಸಮವಸ್ತ್ರ ಅಂಗಡಿಯದು.

ಒಂದನೇ ಪಾಳಿ ಬೆಳಿಗ್ಗೆ 10ರಿಂದ ಸಂಜೆ 7. ಎರಡನೇ ಪಾಳಿ ಮಧ್ಯಾಹ್ನ 12.30ರಿಂದ ರಾತ್ರಿ 9.30. ಊಟಕ್ಕೆ 1 ಗಂಟೆ. ಎರಡನೇ ಪಾಳಿಯ ಮಹಿಳೆಯರನ್ನು ಮನೆಗೆ ಬಿಡಲಾಗುವುದು.

ಸ್ವಂತ ಬೈಕಿನಲ್ಲಿ ಬಟ್ಟೆ ತಲುಪಿಸುವವರಿಗೆ ಕಿಲೋಮೀಟರಿಗೆ 4 ರೂಪಾಯಿ ಪ್ರತ್ಯೇಕ. ಪಗಾರ ಬ್ಯಾಂಕ್ ಖಾತೆಗೆ, ಪ್ರತಿ ತಿಂಗಳು 7ರೊಳಗೆ. ಕೊನೆಯ ಬಾಕಿ ನವೆಂಬರ್ 16ರೊಳಗೆ. ಸೇರುವ ದಿನವೇ ನೇಮಕಾತಿ ಪತ್ರ ಕೊಡಲಾಗುವುದು. ಯಾವುದೇ ಶುಲ್ಕವಿಲ್ಲ.”

ಎಲ್ಲ ಸೇರಿ ಒಂದು ಹಾಳೆಯ ಮುಕ್ಕಾಲು ಭಾಗ. ಫೋನಿನಲ್ಲಿ ನೂರು ಸಲ ಹೇಳಬೇಕಾದ ಉತ್ತರ ಒಂದೇ ಸಲ ಬರೆದಂತಾಯಿತು. ಕೊನೆಯ ಸಾಲಿನ ಬಗ್ಗೆ ಒಂದು ಮಾತು: ಹಬ್ಬದ ಹೊತ್ತಿಗೆ ವಾಟ್ಸಾಪಿನಲ್ಲಿ ದೊಡ್ಡ ಕಂಪನಿಗಳ ಹೆಸರು ಹಾಕಿದ ‘ನೇಮಕಾತಿ’ಗಳು ಬರುತ್ತವೆ, ಸಮವಸ್ತ್ರಕ್ಕೆಂದೋ ಗುರುತಿನ ಚೀಟಿಗೆಂದೋ ಮೊದಲೇ ಹಣ ಕೇಳುತ್ತವೆ. ಕೆಲಸ ಕೊಡುವವರು ಹಣ ಕೊಡುತ್ತಾರೆ, ಕೇಳುವುದಿಲ್ಲ. ಹಣ ಕಳಿಸಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು.

ಅಂಗಡಿಯ ಡೆಲಿವರಿಯ ಮಾತು ಇಷ್ಟಕ್ಕೆ ಮುಗಿಯುತ್ತದೆ, ಯಾಕೆಂದರೆ ಅವನೂ ಅಂಗಡಿಯ ಕೆಲಸಗಾರನೇ. ಆ್ಯಪ್ ಕಂಪನಿಗಳ ಡೆಲಿವರಿ ಬೇರೆ ಲೋಕ. 2025ರ ಹಬ್ಬಕ್ಕೆ ಅಮೆಜಾನ್ ಒಂದೂವರೆ ಲಕ್ಷ, ಫ್ಲಿಪ್‌ಕಾರ್ಟ್ 2.2 ಲಕ್ಷ ತಾತ್ಕಾಲಿಕ ಕೆಲಸಗಳನ್ನು ದೇಶಾದ್ಯಂತ ಘೋಷಿಸಿದ್ದವು. ಗೋದಾಮಿನಲ್ಲಿ ಬೇರ್ಪಡಿಸುವುದು, ಪ್ಯಾಕ್ ಮಾಡುವುದು, ಮನೆಗೆ ತಲುಪಿಸುವುದು ಎಲ್ಲವೂ ಇದರಲ್ಲಿ ಸೇರಿತ್ತು. ಹುಡುಗರ ಮೊಬೈಲಿಗೆ ಬರುವಾಗ ಇಂಥ ಕೆಲಸದ ಜಾಹೀರಾತು ‘ತಿಂಗಳಿಗೆ 35,000 ರೂಪಾಯಿವರೆಗೆ ಗಳಿಸಿ’ ಎಂದಾಗಿರುತ್ತದೆ. ಇಲ್ಲಿ ಬಿಚ್ಚಿ ನೋಡಬೇಕಾದ ಪದ ‘ವರೆಗೆ’.

ಪಾರ್ಸೆಲ್ಲಿಗೆ 15 ರೂಪಾಯಿ ದರ ಎಂದು ಹಿಡಿಯೋಣ. 26 ದಿನದಲ್ಲಿ 35,000 ಆಗಬೇಕಾದರೆ ದಿನಕ್ಕೆ 90 ಪಾರ್ಸೆಲ್ ತಲುಪಿಸಬೇಕು. ಹತ್ತು ಗಂಟೆ ಬಿಡದೆ ದುಡಿದರೂ ಒಂದಕ್ಕೆ ಸಿಗುವುದು ಆರೂವರೆ ನಿಮಿಷದಷ್ಟು. ಅಷ್ಟರಲ್ಲೇ ಗಾಡಿ ನಿಲ್ಲಿಸಬೇಕು, ಮನೆ ಹುಡುಕಬೇಕು, ಮೆಟ್ಟಿಲು ಹತ್ತಬೇಕು, ಓಟಿಪಿ ಕೇಳಬೇಕು, ನಗದಾದರೆ ಚಿಲ್ಲರೆ ಕೊಡಬೇಕು. ಒಂದೇ ಅಪಾರ್ಟ್‌ಮೆಂಟಿಗೆ ಹತ್ತು ಪಾರ್ಸೆಲ್ ಇರುವ ಬೆಂಗಳೂರಿನ ಬಡಾವಣೆಯಲ್ಲಿ ಒಂದೊಂದು ದಿನ ಆಗಬಹುದು. ನವನಗರದಿಂದ ಗೋಕುಲ ರಸ್ತೆಗೆ ಓಡಾಡುವವನಿಗೆ ದಿನಾ ಆಗುವುದಿಲ್ಲ. ದಿನಕ್ಕೆ 60 ಆಯಿತು ಎನ್ನೋಣ, 900 ರೂಪಾಯಿ. ಓಡಾಟ 60 ಕಿಲೋಮೀಟರ್, ಗಾಡಿ ಲೀಟರಿಗೆ 45 ಕೊಡುತ್ತದೆ, ಪೆಟ್ರೋಲ್ 103 ರೂಪಾಯಿ ಎಂದು ಹಿಡಿದರೆ 137 ರೂಪಾಯಿ ಅದಕ್ಕೇ ಹೋಯಿತು. ಟೈರು, ಆಯಿಲ್, ಮೊಬೈಲ್ ರೀಚಾರ್ಜಿಗೆ ಐವತ್ತು ತೆಗೆದಿಡಿ. ಉಳಿದದ್ದು 713. ಎಂಟು ಗಂಟೆಗೆ 760 ಕೊಡುವ ಜವಳಿ ಅಂಗಡಿಗಿಂತ ಕಡಿಮೆ, ಅದೂ ಹತ್ತು ಗಂಟೆಗೆ.

ಆ್ಯಪ್ ಡೆಲಿವರಿ ಬೇಡವೆಂದು ಇದರರ್ಥವಲ್ಲ. ಬೇಕೆನಿಸಿದ ಹೊತ್ತಿಗೆ ಲಾಗಿನ್ ಆಗುವ ಅನುಕೂಲ ಕಾಲೇಜಿನ ಹುಡುಗರಿಗೆ ದೊಡ್ಡದು. ಆದರೆ ಸೇರುವ ಮೊದಲು ಅಲ್ಲಿ ಈಗಾಗಲೇ ಓಡಾಡುತ್ತಿರುವವರನ್ನು ಎರಡು ಮಾತು ಕೇಳಲೇಬೇಕು. ಮನೆಗೆ ಬೀಗ ಹಾಕಿ ವಾಪಸಾದ ಪಾರ್ಸೆಲ್ಲಿಗೆ ದುಡ್ಡು ಕೊಡುತ್ತಾರೋ ಇಲ್ಲವೋ? ಹಬ್ಬದ ವಾರ ಅರ್ಧ ಊರು ಊರಲ್ಲಿರುವುದಿಲ್ಲ, ಬೀಗ ಹಾಕಿದ ಮನೆಗಳೇ ಜಾಸ್ತಿ. ಇನ್ನೊಂದು, ಬೋನಸ್ಸಿನ ಷರತ್ತು. ‘ವಾರಕ್ಕೆ ಇಷ್ಟು ಆರ್ಡರ್ ಮುಗಿಸಿದರೆ ಇಷ್ಟು’ ಎಂದಿದ್ದಾಗ ಒಂದು ಕಡಿಮೆಯಾದರೆ ಪೂರ್ತಿ ಹೋಗುತ್ತದೋ, ಮುಗಿಸಿದಷ್ಟಕ್ಕೆ ಸಿಗುತ್ತದೋ? ಜಾಹೀರಾತಿನ 35,000 ಹೆಚ್ಚಾಗಿ ಈ ಬೋನಸ್ ಸೇರಿಸಿ ಬರೆದದ್ದು.

ಆ್ಯಪ್ ಕೆಲಸಗಾರರಿಗೆಂದೇ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ ಮಾಡಿತು. ಪ್ರತಿ ಕೆಲಸಕ್ಕೆ ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಕಂಪನಿಗಳು ನೂರಕ್ಕೆ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕೆಂದು ಅದು ಹೇಳುತ್ತದೆ. ಹಬ್ಬದ ಹುಡುಗರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಅದರ ಇನ್ನೊಂದು ಮಾತು: ಒಪ್ಪಂದದ ಷರತ್ತು ಬದಲಿಸಬೇಕಾದರೆ 14 ದಿನ ಮುಂಚೆ ತಿಳಿಸಬೇಕು. ಪಾರ್ಸೆಲ್ಲಿಗೆ 15 ಎಂದು ಸೇರಿಸಿಕೊಂಡು ಹಬ್ಬದ ವಾರಕ್ಕೆ 12 ಮಾಡಿದರೆ ಕೇಳಲು ಒಂದು ಆಧಾರ ಇದೆ. ಆದ್ದರಿಂದ ಸೇರಿದ ದಿನ ಆ್ಯಪಿನಲ್ಲಿ ಕಂಡ ದರದ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ರಾಜ್ಯ ಸರ್ಕಾರದ ಗಿಗ್ ಕಾರ್ಮಿಕರ ವಿಮಾ ಯೋಜನೆಯೂ ಇದೆ, 2 ಲಕ್ಷದ ಜೀವ ವಿಮೆ ಮತ್ತು 2 ಲಕ್ಷದ ಅಪಘಾತ ವಿಮೆ. ಕಾರ್ಮಿಕರು ಕಂತು ಕಟ್ಟಬೇಕಿಲ್ಲ, ಹೆಸರು ನೋಂದಾಯಿಸಿರಬೇಕು ಅಷ್ಟೇ. ಅಮಾವಾಸ್ಯೆಯ ರಾತ್ರಿ ಪಟಾಕಿ ಹೊಗೆಯ ನಡುವೆ ಬೈಕು ಓಡಿಸುವವನಿಗೆ ಅದು ಸಣ್ಣ ವಿಷಯವಲ್ಲ.

ಮತ್ತೆ ನಮ್ಮ ಜವಳಿ ಅಂಗಡಿಗೆ ಬಂದರೆ, ಹೇಳದೆ ಉಳಿದದ್ದು ಒಂದಿದೆ, ಬೋನಸ್. ಸೀಸನ್ ಹುಡುಗರಿಗೆ ಬೋನಸ್ ಎಂದರೆ ಲಕ್ಷ್ಮೀಪೂಜೆಯ ರಾತ್ರಿ ಸಿಗುವ ಸಿಹಿಯ ಡಬ್ಬಿ ಮತ್ತು ಐನೂರರ ನೋಟು ಎಂದು ಎಲ್ಲರೂ ತಿಳಿದಿದ್ದಾರೆ. ಅದು ಮಾಲಕರ ಪ್ರೀತಿ, ಕಾನೂನಿನ ಬೋನಸ್ ಬೇರೆ. ಇಪ್ಪತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಯಲ್ಲಿ, ಲೆಕ್ಕಪತ್ರದ ವರ್ಷದೊಳಗೆ 30 ದಿನ ಕೆಲಸ ಮಾಡಿದವರಿಗೆ ಅದು ಸಲ್ಲಬೇಕು. ಕಾಯ್ದೆ ಗೊತ್ತುಮಾಡಿದ ಮಿತಿಯೊಳಗಿನ ಕೂಲಿಯ ಮೇಲೆ ಕನಿಷ್ಠ ನೂರಕ್ಕೆ 8.33ರಷ್ಟು. ನಮ್ಮ ಅಂಗಡಿಯಲ್ಲಿ ಕಾಯಂ 18, ಹಂಗಾಮಿ 6, ಒಟ್ಟು 24 ಜನ. ಆರು ಮಂದಿಯೂ ನಲವತ್ತು ದಿನ ದುಡಿದಿದ್ದಾರೆ. ಆರು ಮಂದಿಗೂ ಬೋನಸ್ ಬಾಕಿ ಇದೆ.

ಇದು ಯಾರ ಕೈಗೂ ಯಾಕೆ ಸೇರುವುದಿಲ್ಲ ಎಂದರೆ ಕೊಡುವ ಗಡುವು ದೂರದಲ್ಲಿದೆ. ಲೆಕ್ಕಪತ್ರದ ವರ್ಷ ಮುಗಿದು ಎಂಟು ತಿಂಗಳೊಳಗೆ ಕೊಟ್ಟರೆ ಸಾಕು. 2026ರ ದೀಪಾವಳಿಯ ದುಡಿಮೆಗೆ ವರ್ಷ ಮುಗಿಯುವುದು 2027ರ ಮಾರ್ಚ್ 31ಕ್ಕೆ, ಗಡುವು ಅದೇ ವರ್ಷದ ನವೆಂಬರ್ ಕೊನೆಗೆ. ಅಷ್ಟು ಹೊತ್ತಿಗೆ ಮುಂದಿನ ದೀಪಾವಳಿಯೂ ಮುಗಿದಿರುತ್ತದೆ. ಹುಡುಗಿ ಬೇರೆ ಊರಲ್ಲಿರುತ್ತಾಳೆ, ಸಿಮ್ ಬದಲಾಗಿರುತ್ತದೆ, ಅಂಗಡಿಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಬರೆದ ನಂಬರಿಗೆ ಯಾರೂ ಎತ್ತುವುದಿಲ್ಲ. ಕೊನೆಯ ದಿನ ಲೆಕ್ಕ ಚುಕ್ತಾ ಮಾಡುವಾಗ ಮನೆಯ ವಿಳಾಸ, ತಂದೆಯದೋ ತಾಯಿಯದೋ ಫೋನ್ ನಂಬರು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟದ ನಕಲು ಈ ಮೂರನ್ನು ಅಂಗಡಿಯ ಮುನೀಮರ ಕೈಗೆ ಕೊಟ್ಟು, ‘ಬೋನಸ್ ಪಟ್ಟಿಯಾಗ ನನ್ನ ಹೆಸರು ಬರೀರಿ’ ಎಂದು ಹೇಳಿ ಬರಬೇಕು. ನೇಮಕಾತಿ ಪತ್ರವನ್ನು ಮನೆಯ ಟ್ರಂಕಿನಲ್ಲಿ ಪಡಿತರ ಚೀಟಿಯ ಜೊತೆ ಇಡಬೇಕು. 2027ರ ನವೆಂಬರಿನಲ್ಲಿ ಅದು ಬೇಕಾಗುತ್ತದೆ.